ನಿಲ್ಲಲೊಲ್ಲದ ಸರ್ವರ್

ಕಣ್ಣಾಸ್ಪತ್ರೆಯ ರೋಗಿಗಳಿಗೆ ತಪಾಸಣೆಯ ದಿನ ನೆನಪಿಸುವ ನಮ್ಮ ಕ್ಲೌಡ್ ಸರ್ವರನ್ನು ಬೆಳಿಗ್ಗೆ ನಿಲ್ಲಿಸಲು ಹೋದೆ. ಅದು ‘ಸ್ಟಾಪಿಂಗ್’ ಎಂದು ತೋರಿಸುತ್ತಾ ಕೂತುಬಿಟ್ಟಿತು. ನಿಲ್ಲಲೂ ಇಲ್ಲ, ನಡೆಯಲೂ ಇಲ್ಲ. ಫೋರ್ಸ್ ಸ್ಟಾಪ್ ಒತ್ತಿದೆ. ಹತ್ತು ನಿಮಿಷ ಕಾದು ಮತ್ತೆ ಒತ್ತಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಅದು ಕೂತಿರೋ ಹಾರ್ಡ್‌ವೇರೇ ಕೆಟ್ಟಿರ್ಬೇಕು,” ಎಂದೆ ಪಕ್ಕದ ಮೇಜಿನ ಗಡ್ಡದವನಿಗೆ. ಆಮೇಲೆ ರೀಬೂಟ್ ಮಾಡಿಸದೆ ಅದರ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದು, ಹೊಸ ಸರ್ವರ್ ಎಬ್ಬಿಸಿ, ನಿರಾಳವಾಗಿ ಊಟಕ್ಕೆ ಹೋದೆ. ಹೊಸದರ ವಿಷಯ ಅವನಿಗೆ ಹೇಳಲಿಲ್ಲ.

ಬಂದಾಗ ಫೋನುಗಳು ಬಡಿದುಕೊಳ್ಳುತ್ತಿದ್ದವು. ಎಲ್ಲ ರೋಗಿಗಳಿಗೂ ಎರಡೆರಡು ಸಂದೇಶ ಹೋಗಿತ್ತು. ಹೊಸ ಸರ್ವರನ್ನೆಲ್ಲ ಜಾಲಾಡಿದೆ. ತಲೆಬುಡ ತಿಳಿಯಲಿಲ್ಲ.

“ಹಳೇದು ಕೊನೆಗೂ ನಿಂತ್ಕೊಳ್ತು ಮೇಡಂ,” ಎಂದ ಗಡ್ಡದವನು, ಹೆಮ್ಮೆಯಿಂದ. “ನಾನೇ ಮತ್ತೆ ಸ್ಟಾರ್ಟ್ ಮಾಡ್ದೆ.”

ಹಳೆಯದೂ ಹೊಸದೂ ಎರಡೂ ಸಂದೇಶ ಕಳಿಸಿದ್ದವು; ಅವನನ್ನು ಬೈಯೋಣವೆಂದರೆ ಹೊಸದರ ವಿಷಯ ಹೇಳದವಳು ನಾನೇ.

“ಇನ್ಮೇಲೆ ಮೊದ್ಲು ಸರ್ವರ್ ಒಳಗಿಂದ್ಲೇ ಶಟ್‌ಡೌನ್ ಮಾಡೋಣ. ದಿನಾ ಇಮೇಜ್ ತೆಗ್ದಿಡೋಣ. ಹಳೇದಕ್ಕೆ ‘ಮುಟ್ಟಬೇಡಿ’ ಅಂತ ಟ್ಯಾಗ್ ಹಾಕೋಣ,” ಎನ್ನುತ್ತಾ ಹಳೆಯದನ್ನು ನಿಲ್ಲಿಸಿದೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಮ್ಮ.

“ನಿಮ್ ಆಸ್ಪತ್ರೆಯವ್ರು ಎರಡೆರಡು ಸಲ ಕರ್ದಿದಾರಲ್ಲೇ. ಒಂದೊಂದು ಕಣ್ಣಿಗೆ ಒಂದೊಂದ್ಸಲ ಬರ್ಬೇಕಾ?”