ಆನೆಗೆ ಏಳು, ಅಕ್ಕನಿಗೆ ತೊಂಬತ್ಮೂರು

ಸುರಕ್ಷತಾ ಅಧಿಕಾರಿ ಕಂಪ್ಯೂಟರನ್ನು ಅಕ್ಕನ ಜೊತೆ ಬಂದಿದ್ದ ತಂಗಿಯ ಕಡೆಗೆ ತಿರುಗಿಸಿದರು. ರಟ್ಟು ಒತ್ತುವ ಪ್ರೆಸ್ಸಿನ ಮುಂದೆ ನಿಂತು ನಗುತ್ತಿರುವ ಅಕ್ಕನ ಫೋಟೋ, ಅದರ ಕೆಳಗೆ ಕೆಂಪಗೆ ತೊಂಬತ್ಮೂರು.

"ಇದು ಸಾಫ್ಟ್‌ವೇರ್ ಮಾಡಿರೋ ಚಿತ್ರ ಅನ್ನೋದಕ್ಕೆ ನಕಲಿ ಪತ್ತೆ ಮಾಡೋ ನಮ್ಮ ಸಾಫ್ಟ್‌ವೇರ್ ನೂರಕ್ಕೆ ತೊಂಬತ್ಮೂರು ಅಂಕ ಕೊಟ್ಟಿದೆಯಮ್ಮ. ನಾನೇನು ಮಾಡ್ಲಿ?"

"ಸ್ಟುಡಿಯೋದಲ್ಲಿ ಕೆಲಸ ಮಾಡೋ ಹುಡುಗಿ ಸಾರ್," ಎಂದರು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮ್ಯಾನೇಜರ್. "ಮೊಡವೆ ಅಳಿಸೋರಿಗೆ ಜಾಲರಿ ಅಳಿಸೋದು ಕಷ್ಟಾನಾ?"

ಮೂರು ವಾರದ ಹಿಂದೆ ಆ ಪ್ರೆಸ್ಸು ಅಕ್ಕನ ಎರಡು ಬೆರಳು ತಿಂದಿತ್ತು. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ ಅದರ ಬಾಯಿಗೆ ಇರಲೇ ಇಲ್ಲ ಎಂದು ಅಕ್ಕ. ಇತ್ತು, ಬೇಗ ಮುಗಿಸುವ ಆಸೆಗೆ ಅವಳೇ ಬಿಚ್ಚಿದಳು ಎಂದು ಮ್ಯಾನೇಜರ್. ಅವರೂ ಜಾಲರಿಯಿದ್ದ ಒಂದು ಫೋಟೋ ಕೊಟ್ಟಿದ್ದರು. ಅದಕ್ಕೆ ಬಂದದ್ದು ಹನ್ನೊಂದು, ಹಸಿರು ಅಕ್ಷರದಲ್ಲಿ. ಅಧಿಕಾರಿ ವರದಿಯಲ್ಲಿ ಹಾಗೇ ಬರೆದರೆ ತಪ್ಪೆಲ್ಲ ಅಕ್ಕನದು. ಬೆರಳಿನ ಜೊತೆ ಕೆಲಸವೂ ಹೋದ ಹಾಗೆ.

ಫೋಟೋ ತೆಗೆದವಳು ತಂಗಿಯೇ. ಅಪಘಾತಕ್ಕೆ ಹತ್ತು ದಿನ ಮೊದಲು ಬುತ್ತಿ ಕೊಡಲು ಹೋದಾಗ, ಸ್ಟುಡಿಯೋದ ಕ್ಯಾಮೆರಾದಲ್ಲಿ ಕ್ಲಿಕ್ಕಿಸಿದ್ದಳು. ತಪ್ಪು ಮಾಡಿದವಳೂ ಅವಳೇ. ಕಾರ್ಖಾನೆಯ ಮಂದ ಬೆಳಕಿಗೆ ಚಿತ್ರ ಕಾಳುಕಾಳಾಗಿ ಬಂದಿತ್ತು. ದಿನಕ್ಕೆ ನೂರು ಮುಖ ತಿದ್ದುವ ಕೈ ಸುಮ್ಮನಿರುತ್ತದೆಯೇ? ಕಾಳು ತೆಗೆಯುವ ಗುಂಡಿ ಒತ್ತಿ, ನುಣ್ಣಗಾದ ಮೇಲೆ ಉಳಿಸಿದ್ದಳು. ಮೂಲ ಚಿತ್ರವಿದ್ದ ಕಾರ್ಡು ಮುಂದಿನ ಕೆಲಸಕ್ಕೆ ಅಳಿಸಿಹೋಗಿತ್ತು.

"ಕಾಳು ತೆಗ್ದಿದ್ದೀನಿ ಸಾರ್. ಜಾಲರಿ ತೆಗ್ದಿಲ್ಲ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

"ನಾಳೆ ಹನ್ನೊಂದು ಗಂಟೆಗೆ ಬಾ. ತಿದ್ದಿದ ಚಿತ್ರ ಅಂತ ಬರ್ಕೊಡು, ಮುಗಿಸೋಣ," ಎಂದರು ಅಧಿಕಾರಿ.

ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳಿದಳು: "ಬರ್ಕೊಟ್ಟುಬಿಡೇ. ದೊಡ್ಡವರ ಜೊತೆ ನಮಗ್ಯಾಕೆ?"

"ಬೆರಳು ನಿಂದು, ಹಟ ನಂದು. ಸುಮ್ನಿರು."

ಮರುದಿನ ಅವಳು ಬರೆದ ಕಾಗದ ತರಲಿಲ್ಲ, ಪೆನ್‌ಡ್ರೈವ್ ತಂದಳು.

"ಇವನ್ನೂ ಒಂದ್ಸಲ ನಿಮ್ಮ ಸಾಫ್ಟ್‌ವೇರಿಗೆ ಹಾಕಿ ಸಾರ್."

ಮೊದಲ ಚಿತ್ರ ಬಂತು. ಸರ್ಕಾರಿ ಮೇಜಿನ ಹಿಂದೆ, ಕನ್ನಡಕ ಹಾಕಿಕೊಂಡು, ಕಡತ ಓದುತ್ತಿರುವ ಆನೆ. ಅಕ್ಕ ಕಿಸಕ್ಕೆಂದಳು. ಅಂಕ ತೊಂಬತ್ತೆಂಟು.

"ಸರಿಯಾಗೇ ಹೇಳ್ತಲ್ಲ!" ಎಂದರು ಮ್ಯಾನೇಜರ್.

"ಹೇಳುತ್ತೆ. ಇದು ಕಂಪ್ಯೂಟರಲ್ಲೇ ಹುಟ್ಟಿದ್ದು. ಮುಂದಿನ ನಾಲ್ಕು ಹಾಕಿ."

ಅದೇ ಆನೆ. ಬೇರೆ ಬೇರೆ ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಕ್ಯಾಮೆರಾದಲ್ಲಿ ಮತ್ತೆ ತೆಗೆದದ್ದು. ಒಂದಕ್ಕೆ ಎಂಬತ್ತು ಬಂದು ಸಿಕ್ಕಿಬಿತ್ತು. ಮಿಕ್ಕ ಮೂರೂ ಹಸಿರು. ಕೊನೆಯದಕ್ಕೆ ಏಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆನೆ ತೆಗೆಯಲಿಲ್ಲ.

"ಇದ್ಹೆಂಗಮ್ಮ?"

"ಸಾಫ್ಟ್‌ವೇರ್ ಆನೆ ನೋಡಲ್ಲ ಸಾರ್. ಲಕ್ಷಗಟ್ಟಲೆ ಚಿತ್ರ ನೋಡಿ, ಅಸಲಿ ಹೆಂಗಿರುತ್ತೆ, ನಕಲಿ ಹೆಂಗಿರುತ್ತೆ ಅಂತ ಸಣ್ಣಸಣ್ಣ ಗುರುತು ಕಲ್ತಿರುತ್ತೆ. ಕ್ಯಾಮೆರಾದ ಕಾಳೂ ಅಂಥದ್ದೇ ಒಂದು ಗುರುತು. ನಾನು ಅದನ್ನ ಒರೆಸ್ದೆ, ಅಕ್ಕ ಸುಳ್ಳಾದ್ಲು. ಆನೆ ಫೋಟೋನ ಮತ್ತೆ ಫೋಟೋ ತೆಗ್ದೆ, ಹಳೇ ಗುರುತು ಮಸುಕಾಗಿ ಕ್ಯಾಮೆರಾ ಕಾಳು ಕೂತ್ಕೊಂತು. ಆನೆ ನಿಜವಾಯ್ತು." ಇಷ್ಟು ಮಾತನ್ನು ಅವಳು ಯಾರೆದುರೂ ಆಡಿರಲಿಲ್ಲ. ಕಿವಿ ಬಿಸಿಯಾಗಿತ್ತು, ಆದರೆ ನಿಲ್ಲಿಸಲಿಲ್ಲ. "ಯಾರೋ ಕೈ ಆಡಿಸಿದ್ದಾರೆ ಅಂತ ಅದು ಊಹಿಸಬಹುದು. ಯಾವ ಸುಳ್ಳು ಹೇಳಿದ್ದಾರೆ ಅಂತ ಆ ಅಂಕದಲ್ಲಿಲ್ಲ."

"ಹಾಗಾದ್ರೆ ನಿನ್ನ ಫೋಟೋನೂ ಸಾಕ್ಷಿಯಲ್ಲ," ಎಂದರು ಮ್ಯಾನೇಜರ್, ಗೆದ್ದವರಂತೆ.

"ಅಲ್ಲ. ನಿಮ್ಮದೂ ಅಲ್ಲ. ಎರಡನ್ನೂ ಪಕ್ಕಕ್ಕಿಡಿ ಸಾರ್. ಪ್ರೆಸ್ಸು ಇನ್ನೂ ಅಲ್ಲೇ ಇದೆ, ಬಂದು ನೋಡಿ. ನಾನು ಮಾತ್ರ ಯಾವ ಕಾಗದಕ್ಕೂ ಸಹಿ ಹಾಕಲ್ಲ."

"ಸಾರ್, ಇವತ್ತು ಲೋಡ್ ಹೋಗ್ಬೇಕು—"

"ಹೋಗ್ಲಿ. ನಾವೂ ಹೋಗೋಣ," ಎಂದು ಅಧಿಕಾರಿ ಎದ್ದರು.

ಕಾರ್ಖಾನೆಯಲ್ಲಿ ಪ್ರೆಸ್ಸಿನ ಬಾಯಿಗೆ ಈಗ ಹಳದಿ ಜಾಲರಿ ಇತ್ತು. ಮೊದಲಿಂದಲೂ ಇದ್ದದ್ದು, ಇದನ್ನೇ ಅವಳು ಬಿಚ್ಚಿದ್ದು ಎಂದರು ಮ್ಯಾನೇಜರ್. ಅಧಿಕಾರಿ ಕಾರ್ಖಾನೆಯ ಫಿಟ್ಟರಿಂದ ಅದನ್ನು ಬಿಚ್ಚಿಸಿದರು. ಬೋಲ್ಟುಗಳು ಸಲೀಸಾಗಿ ಬಂದವು.

ಜಾಲರಿಯ ಹಿಂದೆ, ಕಬ್ಬಿಣದ ಅಂಚಿನಲ್ಲಿ, ಅಂಗೈಯಗಲದ ಎರಡು ಕಡೆ ಹಸಿರು ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು. ಅಧಿಕಾರಿ ಬೆರಳಾಡಿಸಿ, "ಇದೇನು?" ಎಂದರು.

ಅಕ್ಕ ಮುಂದೆ ಬಂದು, ಆರು ವರ್ಷ ನಿಂತ ಜಾಗದಲ್ಲಿ ನಿಂತು, ಎರಡೂ ಮುಂಗೈಗಳನ್ನು ಆ ಹೊಳಪಿನ ಮೇಲೆ ಊರಿದಳು. ಒಂದಕ್ಕೆ ಬ್ಯಾಂಡೇಜು. ಎರಡೂ ಸರಿಯಾಗಿ ಕೂತವು.

"ಈ ಬಣ್ಣ ಒಂದಿನದಲ್ಲಿ ಸವೆದಿದ್ದಲ್ಲ. ಈಗ ಜಾಲರಿ ಹಾಕಿ," ಎಂದಳು ತಂಗಿ, ಮ್ಯಾನೇಜರ್ ಕಡೆ ತಿರುಗಿ. "ಅಕ್ಕನ ಕೈ ಹಂಗೇ ಇರ್ಲಿ. ಎಲ್ಲಿ, ಹಾಕಿ ನೋಡೋಣ!"

ಜಾಲರಿ ಹಿಡಿದು ನಿಂತಿದ್ದ ಫಿಟ್ಟರು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟ. ಅಧಿಕಾರಿ ಪೆನ್ನು ತೆಗೆದರು.