ಹಸಿಗೂದಲ ತುರುಬು

ಪುಟ್ಟಗೌರಮ್ಮನ ಕೂದಲಿಗೆ ತವರೂರು ಹೊನ್ನವಳ್ಳಿಯಲ್ಲೆಲ್ಲ ಹೆಸರಿತ್ತು. ಅಲ್ಲಿ ತಲೆಗೆ ನೀರು ಹಾಕಿಕೊಂಡ ದಿನ ಅವಳು ತೆಂಗಿನ ಗರಿಗಳ ನಡುವೆ ಇಳಿದ ಬಿಸಿಲಿಗೆ ಕೂದಲು ಹರವಿ, ಕೂತಲ್ಲೇ ತೂಕಡಿಸುತ್ತಿದ್ದಳು. ಕೆಂಕೆರೆಗೆ ಸೊಸೆಯಾಗಿ ಬಂದಮೇಲೆ ಆ ಸುಖ ಎಲ್ಲಿಯದು!

"ಮುತ್ತೈದೆ ತಲೆ ಬಿಟ್ಕೊಂಡಿದ್ರೆ ಮನೆಗೆ ಒಳ್ಳೇದಲ್ಲ ಕಣೇ," ಎಂದು ಅತ್ತೆ ಭೈರಮ್ಮ ಮೊದಲ ವಾರವೇ ಹೇಳಿಬಿಟ್ಟಳು.

ಸರಿ, ಶುಕ್ರವಾರ ಹೊತ್ತು ಮೂಡುವ ಮುಂಚೆ ಅವಸರದ ಸ್ನಾನ. ಸೀಗೆ ತಿಕ್ಕಲು ಪುರುಸೊತ್ತಿಲ್ಲ. ನೀರು ತೊಟ್ಟಿಕ್ಕುವಾಗಲೇ ಹಳೇ ಎಣ್ಣೆಯ ಮೇಲೆ ಹೊಸ ಎಣ್ಣೆ, ಬಿಗಿಯಾದ ತುರುಬು. ಆಮೇಲೆ ವಾರವೆಲ್ಲ ತೋಟದ ಬೆವರು. ನಾರದೆ ಇನ್ನೇನು? ಮಲ್ಲಿಗೆ ಮುಡಿದಳು, ಸಾಂಬ್ರಾಣಿ ಹೊಗೆ ಹಿಡಿದಳು. ಹೊಗೆ ಹೋದಮೇಲೆ ಮತ್ತದೇ ನಾತ. ದಿಂಬಿಗೂ ಹತ್ತಿಕೊಂಡಿತು.

ಒಂದು ದಿನ ಗಂಡ ಸಿದ್ದಪ್ಪ "ಒಳಗೆ ಸೆಕೆ" ಅಂದವನೇ ಚಾಪೆಯನ್ನು ಜಗಲಿಗೆ ಹಾಕಿಕೊಂಡ. ಮಾಗಿಯ ಚಳಿಯಲ್ಲಿ ಎಂಥಾ ಸೆಕೆಯೋ, ಪುಣ್ಯಾತ್ಮ!

"ಈ ಮನೆ ಗಂಡಸ್ರೇ ಹಂಗೆ. ನಿಮ್ಮಾವನೂ ಸಾಯೋಗಂಟ ಜಗಲೀಲೇ ಮಲಗ್ತಿದ್ರು," ಎಂದಳು ಭೈರಮ್ಮ.

ಪುಟ್ಟಗೌರಮ್ಮನಿಗೆ ಮಾತ್ರ ಕಾರಣ ಗೊತ್ತಿತ್ತು. ನಾಚಿಕೆಯಿಂದ ಕುಗ್ಗಿಹೋದಳು. ಸೋಮವಾರದ ಬಸ್ಸಿಗೆ ತವರಿಗೆ ಹೋಗಿಬಿಡುವುದು, ಮತ್ತೆ ಬರುವುದು ಬೇಡ ಎಂದು ಬಟ್ಟೆಯ ಗಂಟೂ ಕಟ್ಟಿಟ್ಟಳು.

ಭಾನುವಾರ ಭೈರಮ್ಮ ಕೊಬ್ಬರಿ ಮೂಟೆಯ ಬಾಯಿ ಬಿಚ್ಚಿದಳು. ಅಂಗಳದಲ್ಲಿ ಹರವಿದ್ದ ಕೊಬ್ಬರಿ ಅಕಾಲದ ತುಂತುರು ಮಳೆಗೆ ನೆಂದಾಗ, ವಾರದ ಹಿಂದೆ ಸೊಸೆಯೇ ಗಡಿಬಿಡಿಯಲ್ಲಿ ತುಂಬಿಟ್ಟದ್ದು ಅದು.

"ಅಯ್ಯೋ ಶಿವನೇ! ಹಸೀದ್ನ ಮೂಟೆ ಕಟ್ಟಿದ್ಯೇನೇ? ಗಾಳಿ ಆಡ್ದಿದ್ರೆ ಮುಗ್ಗಲು ಹಿಡೀದೆ ಇರ್ತದಾ?"

ಪುಟ್ಟಗೌರಮ್ಮ ಬಗ್ಗಿ ಮೂಸಿದಳು. ಅವಳ ದಿಂಬಿನದೇ ವಾಸನೆ! ತವರಿನ ಬಿಸಿಲು, ಹರವಿದ ಕೂದಲು, ಆ ತೂಕಡಿಕೆ ಎಲ್ಲ ಕನಸಿನಂತೆ ಕಣ್ಣಮುಂದೆ ತೇಲಿದವು. ತುರುಬು ಬಿಚ್ಚಿ ಅತ್ತೆಯ ಮುಂದೆ ಕೂತಳು.

"ಇದ್ನೂ ಮೂಸ್ನೋಡಿ ಅತ್ತೆ. ಇದ್ನೂ ನಾನು ಹಸೀದ್ನೇ ಕಟ್ತಿದ್ದೀನಿ. ಅದ್ಕೇ ಅವ್ರು ಆಚೆ ಮಲಗೋದು."

ಭೈರಮ್ಮ ಮೂಸಿದಳು. ಎದ್ದು ಹಂಡೆಗೆ ಉರಿ ಹಾಕಿದಳು. ಸೀಗೆಪುಡಿ ಕಲಸಿ, ಹಳೇ ಜಿಡ್ಡು ಹೋಗುವ ತನಕ ಎರಡೆರಡು ಸಲ ತಾನೇ ತಿಕ್ಕಿದಳು. ಬಿಸಿಲಲ್ಲಿ ಕೂರಿಸಿ ಬೆರಳಾಡಿಸಿ ಎಳೆ ಎಳೆ ಬಿಡಿಸಿದಳು. "ತುದಿ ಒಣಗಿದ್ರೆ ಸಾಲ್ದು ಕಣೇ, ಬುಡ ಒಣಗ್ಬೇಕು. ಎಣ್ಣೆ ಆಮ್ಯಾಕೆ, ಒಂದೆರಡು ಹನಿ." ದಿಂಬಿನ ಚೀಲವನ್ನೂ ಒಗೆದು ಗೋಡೆಯ ಮೇಲೆ ಹರವಿದಳು.

ಮಧ್ಯಾಹ್ನ ಊಟಕ್ಕೆ ಬಂದ ಸಿದ್ದಪ್ಪ ಹೆಂಡತಿಯ ಹತ್ತಿರ ಒಂದು ಗಳಿಗೆ ನಿಂತ. ಸೀಗೆಯ ಘಮ, ಬಿಸಿಲ ಘಮ. ಜಗಲಿಯ ಚಾಪೆ ಸುತ್ತಿ ಒಳಗೆ ಕೊಂಡೊಯ್ದ. ಪುಟ್ಟಗೌರಮ್ಮನ ಎದೆ ಹಗುರಾಯಿತು.

ಭೈರಮ್ಮ ಬರಿದಾದ ಜಗಲಿಯನ್ನೇ ನೋಡುತ್ತಿದ್ದಳು.

"ನಿಮ್ಮಾವ ಒಂದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ವಲ್ಲೇ," ಎಂದಳು. "ಅವ್ರೂ ಸೆಕೆ ಅಂತಾನೇ ಅಂತಿದ್ರು."

ಆಮೇಲೆ ತನ್ನ ನರೆತ ತುರುಬು ಬಿಚ್ಚಿ, ಸೊಸೆಯ ಪಕ್ಕದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು.