ನೋಡದೆ ಬರೆದ ನಡಾವಳಿ

ಗ್ರಾಮಸಭೆ ಮುಗಿದ ನಾಲ್ಕನೆಯ ದಿನ ಹುಲಿಗವ್ವ ಪಂಚಾಯಿತಿ ಕಚೇರಿಗೆ ಬಂದಳು. ತನ್ನ ಗಟಾರದ ಮಾತು ಪುಸ್ತಕದಲ್ಲಿ ಹೇಗೆ ಬಂದಿದೆ, ಒಮ್ಮೆ ಓದಿ ಹೇಳು ಎಂದು ಕಂಪ್ಯೂಟರ್ ಮುಂದೆ ಕೂತಿದ್ದ ನೇತ್ರಾವತಿಯನ್ನು ಕೇಳಿದಳು.

ಹುಲಿಗವ್ವನ ಮನೆ ಕೆಳಗಿನ ಓಣಿಯ ಕೊನೆಯದು. ಮೇಲಿನ ಓಣಿಯ ಗಟಾರ ಅವಳ ಮನೆಯ ಗೋಡೆಗೆ ಬಂದು ನಿಂತುಬಿಡುತ್ತದೆ, ಮುಂದೆ ದಾರಿಯಿಲ್ಲ. ನೀರು ಗೋಡೆಯ ಬುಡದಿಂದ ಒಳಗೆ ಇಳಿದು ಒಲೆಯ ಸುತ್ತ ನಿಲ್ಲುತ್ತದೆ. ಎರಡು ವರ್ಷದಿಂದ ಅವಳು ಕಟ್ಟಿಗೆಯ ಮಣೆ ಹಾಕಿಕೊಂಡು ಅದರ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಈ ಸಲ ದಾಳಿಂಬೆ ತೋಟದ ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬಂದು, ಎದ್ದು ನಿಂತು, ಎಲ್ಲರೆದುರು ಹೇಳಿದ್ದಳು. ಸಭೆಯ ಬೇಡಿಕೆಗಳ ಪಟ್ಟಿ ಶನಿವಾರ ಕೊಪ್ಪಳದ ತಾಲ್ಲೂಕು ಕಚೇರಿಗೆ ಹೋಗಬೇಕು. ಪಟ್ಟಿಯಲ್ಲಿ ಇದ್ದರೆ ಈ ವರ್ಷ ಗಟಾರ, ಇಲ್ಲದಿದ್ದರೆ ಮುಂದಿನ ವರ್ಷದ ಸಭೆ.

ನೇತ್ರಾವತಿ ನಡಾವಳಿ ಪುಸ್ತಕ ತೆಗೆದು ಓದಿದಳು. ಅಂಗನವಾಡಿ ಶಿಕ್ಷಕಿಯರ ಸ್ವಾಗತಗೀತೆಯೊಂದಿಗೆ ಸಭೆ ಆರಂಭವಾಗಿತ್ತು. ಅಧ್ಯಕ್ಷರು ಸಸಿ ನೆಟ್ಟಿದ್ದರು. ಸದಸ್ಯರು ಅಭಿವೃದ್ಧಿಯ ಕುರಿತು ಅರ್ಥಪೂರ್ಣ ಚರ್ಚೆ ನಡೆಸಿದ್ದರು. ಗ್ರಾಮಸ್ಥೆ ಶ್ರೀಮತಿ ಸರೋಜಮ್ಮ ತಮ್ಮ ಸಮಸ್ಯೆಯನ್ನು ಪ್ರಸ್ತಾಪಿಸಿದ್ದರು. ಅದನ್ನು ಕೂಡಲೇ ಬಗೆಹರಿಸುವುದಾಗಿ ಅಧ್ಯಕ್ಷರು ಭರವಸೆ ನೀಡಿದ್ದರು. ವಂದನಾರ್ಪಣೆಯಾಗಿ ಸಭೆ ಮುಕ್ತಾಯವಾಗಿತ್ತು.

ಇದು ಯಾವ ಊರಿನ ಸಭೆ ಎಂದು ಹುಲಿಗವ್ವ ಕೇಳಿದಳು.

ಸಭೆಯ ದಿನ ನೇತ್ರಾವತಿ ಕೊಪ್ಪಳಕ್ಕೆ ತರಬೇತಿಗೆ ಹೋಗಿದ್ದಳು. ಮರುದಿನ ತನ್ನ ಮನೆಯಿರುವ ಭಾಗ್ಯನಗರದಿಂದ ಬಸ್ಸು ಹಿಡಿದು ಕಚೇರಿಗೆ ಬರುವಷ್ಟರಲ್ಲಿ ಪಿಡಿಒ ರುದ್ರೇಶ ಅವಳ ಫೋನಿಗೆ ಸಭೆಯ ವಿಡಿಯೊ ಲಿಂಕು ಕಳಿಸಿ, ಇದನ್ನು ನೋಡಿ ಸಂಜೆಯೊಳಗೆ ನಡಾವಳಿ ಬರೆದುಬಿಡು ಎಂದಿದ್ದ. ವಿಡಿಯೊ ಎರಡು ತಾಸು ನಲವತ್ತು ನಿಮಿಷ ಇತ್ತು. ತರಬೇತಿಯಲ್ಲಿ ಯಾರೋ ಒಂದು ಚಾಟ್ ಉಪಕರಣ ತೋರಿಸಿದ್ದರು. ಬೆರಳಚ್ಚಿಸಿ ಕೇಳಿದರೆ ಬೆರಳಚ್ಚಿಸಿ ಉತ್ತರ ಕೊಡುವಂಥದ್ದು, ಬರಿಯ ಅಕ್ಷರದ್ದು. ಅವಳು ಲಿಂಕನ್ನು, ಅದರ ಜೊತೆಗೆ ಬಂದಿದ್ದ ‘ಗ್ರಾಮಸಭೆ, ಪೂರ್ಣ ವಿಡಿಯೊ’ ಎಂಬ ಶೀರ್ಷಿಕೆಯನ್ನೂ ಸೇರಿಸಿ ಅದರಲ್ಲಿ ಅಂಟಿಸಿ, ಈ ವಿಡಿಯೊ ನೋಡಿ ನಡಾವಳಿ ಬರೆದುಕೊಡು ಎಂದು ಕೇಳಿದಳು. ಅದು ನೀರು ಕುಡಿಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಅಷ್ಟು ಬೇಗ ನೋಡಿ ಮುಗಿಸಿತಲ್ಲ ಎಂದು ಅವಳಿಗೆ ಮೆಚ್ಚುಗೆಯಾಯಿತೇ ಹೊರತು ಅನುಮಾನ ಬರಲಿಲ್ಲ. ಅಧ್ಯಕ್ಷ ಕಳಕಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿ, ನಾನು ಇಷ್ಟು ಚೆನ್ನಾಗಿ ಮಾತಾಡಿದ್ದು ನನಗೇ ನೆನಪಿರಲಿಲ್ಲ ಎಂದು ಸಂತೋಷಪಟ್ಟ.

ಇಲ್ಲಿನ ಪದ್ಧತಿ ಏನೆಂದರೆ, ಸಭೆ ಶುರುವಾಗುವ ಮೊದಲೇ ಪುಸ್ತಕದ ಖಾಲಿ ಹಾಳೆಯ ಕೆಳಗೆ ಬಂದವರ ಸಹಿ, ಹೆಬ್ಬೆಟ್ಟು ತೆಗೆದುಕೊಂಡುಬಿಡುತ್ತಾರೆ. ಸಭೆ ಮುಗಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ. ಬರೆಯುವುದು ಆಮೇಲೆ. ಹಾಗಾಗಿ ನೇತ್ರಾವತಿ ಮುದ್ರಿಸಿ ಅಂಟಿಸಿದ ನಡಾವಳಿಯ ಕೆಳಗೆ ಎಪ್ಪತ್ತೊಂದು ಜನ ಒಪ್ಪಿದ ಗುರುತಿತ್ತು. ಹದಿನೆಂಟನೆಯದು ಹುಲಿಗವ್ವನ ಹೆಬ್ಬೆಟ್ಟು.

ನೇತ್ರಾವತಿ ಅವಳೆದುರಿಗೇ ವಿಡಿಯೊ ತೆರೆದು ಅಲ್ಲಲ್ಲಿ ಓಡಿಸಿ ನೋಡಿದಳು. ಸ್ವಾಗತಗೀತೆ ಇರಲಿಲ್ಲ. ಸಸಿ ಇರಲಿಲ್ಲ. ಒಂದು ತಾಸು ಹತ್ತು ನಿಮಿಷದ ಹೊತ್ತಿಗೆ ಹುಲಿಗವ್ವ ಎದ್ದು ನಿಂತು ಕೈ ಬೀಸಿ ಮಾತಾಡುತ್ತಿದ್ದಳು, ಅಧ್ಯಕ್ಷ ಫೋನಿನಲ್ಲಿದ್ದ.

“ಯವ್ವಾ, ಅದು ಖರೇನ ನೋಡೈತೇನು? ನಾ ಉಟ್ಟ ಸೀರಿ ಬಣ್ಣ ಕೇಳು,” ಎಂದಳು ಹುಲಿಗವ್ವ.

ನೇತ್ರಾವತಿ ಕೇಳಿದಳು. ಹಸಿರು ಎಂದಿತು. ಪರದೆಯ ಮೇಲೆ ಸೀರೆ ನೇರಳೆಯಾಗಿತ್ತು. ತಪ್ಪು ಎಂದು ಬರೆದಾಗ ಕ್ಷಮೆ ಕೇಳಿ, ಮತ್ತೊಮ್ಮೆ ಗಮನಿಸಿದ್ದೇನೆ, ಕೆಂಪು ಎಂದಿತು. ಅವಳು ಲಿಂಕಿನ ಕೊನೆಯ ನಾಲ್ಕು ಅಕ್ಷರ ಅಳಿಸಿ ಬೇರೆ ಏನೋ ಒತ್ತಿದಳು. ಅಂಥ ವಿಡಿಯೊ ಎಲ್ಲಿಯೂ ಇರಲಿಲ್ಲ, ಒತ್ತಿದರೆ ತೆರೆಯುತ್ತಲೂ ಇರಲಿಲ್ಲ. ಶೀರ್ಷಿಕೆಯೊಂದಿಗೆ ಅದನ್ನೇ ಅಂಟಿಸಿದರೆ ಆ ಇಲ್ಲದ ವಿಡಿಯೊದಲ್ಲೂ ಸ್ವಾಗತಗೀತೆ ಹಾಡಿ, ಸಸಿ ನೆಟ್ಟು, ಅರ್ಥಪೂರ್ಣ ಚರ್ಚೆ ನಡೆದಿತ್ತು. ಶೀರ್ಷಿಕೆ ತೆಗೆದು ನಿಜವಾದ ಲಿಂಕನ್ನಷ್ಟೇ ಕೊಟ್ಟಾಗ, ಇದು ರೈತರಿಗೆ ಹನಿ ನೀರಾವರಿಯ ಮಾಹಿತಿ ನೀಡುವ ಉಪಯುಕ್ತ ವಿಡಿಯೊ ಎಂದಿತು.

ಕೊನೆಗೆ ಅವಳು ನೇರವಾಗಿ ಕೇಳಿದಳು: ನೀನು ವಿಡಿಯೊ ನೋಡಿದ್ದೀಯಾ? ಇಲ್ಲ ಎಂದು ಬಂತು. ನಾನು ಅಕ್ಷರಗಳನ್ನು ಮಾತ್ರ ಓದಬಲ್ಲೆ, ಇಲ್ಲಿ ಲಿಂಕು ತೆರೆಯಲು, ನೋಡಲು, ಕೇಳಲು ನನಗೆ ಆಗುವುದಿಲ್ಲ, ಮೊದಲೇ ಹೇಳಬೇಕಿತ್ತು, ಶೀರ್ಷಿಕೆಯ ಮೇಲಿನಿಂದ ಊಹಿಸಿ ಬರೆದೆ. ಸಭೆಯಲ್ಲಿ ಆಡಿದ ಮಾತುಗಳನ್ನು ಬರೆದು ಅಂಟಿಸಿದರೆ ಅದರಿಂದ ನಡಾವಳಿ ಸಿದ್ಧಪಡಿಸಬಲ್ಲೆ ಎಂದಿತ್ತು.

“ಲಿಂಕು ಅಂದ್ರ ಮನಿ ನಂಬರ್ ಇದ್ದಂಗ ಯವ್ವಾ,” ಎಂದಳು ನೇತ್ರಾವತಿ. “ನಂಬರ್ ಬರ್ದು ಕೈಯಾಗ ಕೊಟ್ರ ಮನಿಯೊಳಗ ಏನ್ ಅಡಿಗಿ ಆಗೈತಿ ಅಂತ ಹೆಂಗ ಗೊತ್ತಾಗಬೇಕು? ಬಾಗ್ಲಾ ತಕ್ಕೊಂಡು ಒಳಗ ಹೋಗಾಕ ಇದಕ್ಕ ಕಾಲಿಲ್ಲ, ನೋಡಾಕ ಕಣ್ಣಿಲ್ಲ.”

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕಿಲ್ಲೇನು ಅದು? ನಮ್ಮ ಮೆಂಬರ್ ವಿರುಪಣ್ಣನಂಗಾತು ಇದೂ.”

ವಿರುಪಣ್ಣ ಸಭೆಯ ದಿನ ಗಂಗಾವತಿಗೆ ಮದುವೆಗೆ ಹೋಗಿದ್ದ. ಬಂದ ಮೇಲೆ ಸಭೆ ಹೇಗೆ ನಡೆಯಿತೆಂದು ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದ.

ನೇತ್ರಾವತಿ ಪುಸ್ತಕ ಹಿಡಿದು ಪಿಡಿಒ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ತನ್ನದು, ಇವತ್ತೇ ಕೂತು ವಿಡಿಯೊ ಕೇಳಿ ಹೊಸದಾಗಿ ಬರೆಯುತ್ತೇನೆ ಎಂದಳು. ರುದ್ರೇಶ ಗಾಬರಿಯಾಗಲಿಲ್ಲ. ಪುಸ್ತಕದ ಹಾಳೆಗಳಿಗೆ ಸಂಖ್ಯೆ ಇದೆ, ಹರಿಯುವಂತಿಲ್ಲ ಎಂದ. ಅಂಟಿಸಿದ್ದನ್ನು ಕಿತ್ತರೆ ಕೆಳಗಿನ ಸಹಿಗಳೂ ಏಳುತ್ತವೆ. ಹೊಸ ಹಾಳೆಯಲ್ಲಿ ಬರೆದರೆ ಎಪ್ಪತ್ತೊಂದು ಜನರನ್ನು ಎಲ್ಲಿಂದ ಹಿಡಿದು ತರುವುದು? ದಾಖಲೆ ಸರಿಯಾಗಿದೆ, ಸಹಿ ಇದೆ, ಮೊಹರು ಇದೆ. ದಾಖಲೆಗೆ ಹೊಂದಿಕೆಯಾಗದಿರುವುದು ವಿಡಿಯೊ ಒಂದೇ.

“ಹಂಗಾದ್ರ ವಿಡಿಯೊ ತಿದ್ದೋಣು,” ಎಂದ.

ಅದಕ್ಕೆ ಅವನು ಪೂರಕ ಚಿತ್ರೀಕರಣ ಎಂದು ಹೆಸರಿಟ್ಟ. ಅಧ್ಯಕ್ಷನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು, ಅದೇ ಅಂಗಿ ಹಾಕಿಕೊಳ್ಳಬೇಕೋ ಹೇಗೆ ಎಂದು.

ಶುಕ್ರವಾರ ಹನ್ನೊಂದು ಗಂಟೆಗೆ ಸಮುದಾಯ ಭವನದಲ್ಲಿ ಹಳೆಯ ಬ್ಯಾನರು ಮತ್ತೆ ಕಟ್ಟಿದರು. ಹೆದ್ದಾರಿಯ ಪಕ್ಕದ ನರ್ಸರಿಯಿಂದ ಬೇವಿನ ಸಸಿ ತಂದರು. ಅಂಗನವಾಡಿ ಶಿಕ್ಷಕಿ ರೇಣುಕಮ್ಮ ತನಗೆ ಸ್ವಾಗತಗೀತೆ ಬರುವುದಿಲ್ಲ, ಲಾಲಿ ಹಾಡು ಬರುತ್ತದೆ ಎಂದಳು. ಅದನ್ನೇ ಸ್ವಲ್ಪ ಜೋರಾಗಿ ಹಾಡು ಎಂದರು. ವಿರುಪಣ್ಣ ಈ ಸಲ ಎಲ್ಲರಿಗಿಂತ ಮೊದಲು ಬಂದು ಕೂತು, ನಡಾವಳಿಯಲ್ಲಿ ಸದಸ್ಯರ ಚರ್ಚೆ ಅರ್ಥಪೂರ್ಣ ಎಂದು ಇರುವುದರಿಂದ ತಾನು ಎಷ್ಟು ಹೊತ್ತು ಮಾತಾಡಬೇಕೆಂದು ವಿಚಾರಿಸಿದ.

ಕಷ್ಟವಾದದ್ದು ಸರೋಜಮ್ಮನಿಂದ. ಮತದಾರರ ಪಟ್ಟಿಯಲ್ಲಿ ಆ ಹೆಸರಿನವರು ಮೂರು ಜನ ಸಿಕ್ಕರು. ಒಬ್ಬಳು ತೀರಿಕೊಂಡು ಆರು ವರ್ಷವಾಗಿತ್ತು. ಇನ್ನೊಬ್ಬಳು ಮದುವೆಯಾಗಿ ಕುಷ್ಟಗಿಗೆ ಹೋಗಿದ್ದಳು. ಮೂರನೆಯವಳು ಕಳಕಪ್ಪನ ಸ್ವಂತ ಅತ್ತಿಗೆ, ಹೊಲದ ಬದುವಿನ ಜಗಳದಲ್ಲಿ ಅವನೊಂದಿಗೆ ಮಾತು ಬಿಟ್ಟು ಎರಡು ಸುಗ್ಗಿಯಾಗಿತ್ತು. ಕರೆಯಲು ಹೋದ ಕಚೇರಿಯ ಸಿಪಾಯಿಗೆ ಅವಳು, ನನ್ನ ಸಮಸ್ಯೆ ನಿಮ್ಮ ಅಧ್ಯಕ್ಷನೇ, ಅದನ್ನ ಸಭೆಯಲ್ಲಿ ಹೇಳಲೇ ಎಂದು ಕೇಳಿದಳಂತೆ.

ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದವಳು ಹುಲಿಗವ್ವ. ರುದ್ರೇಶನ ಕಣ್ಣು ಅವಳ ಮೇಲೆ ಬಿತ್ತು. ಐದು ನಿಮಿಷ ಸರೋಜಮ್ಮ ಆಗು, ಏನಾದರೂ ಒಂದು ಸಮಸ್ಯೆ ಹೇಳು, ಅಧ್ಯಕ್ಷರು ಭರವಸೆ ಕೊಡುತ್ತಾರೆ, ಕೂತುಬಿಡು ಎಂದ. ಯಾವ ಸಮಸ್ಯೆ ಎಂದು ಕೇಳಿದಳು ಅವಳು. ಅವನು ಪುಸ್ತಕ ನೋಡಿದ. ಅದರಲ್ಲಿ ತಮ್ಮ ಸಮಸ್ಯೆ ಎಂದಷ್ಟೇ ಇತ್ತು. ಏನೂ ನೋಡದೆ ಬರೆದದ್ದಕ್ಕೆ ಅಷ್ಟರ ಮುಂದೆ ಬರೆಯಲು ಏನಿದ್ದೀತು ಎಂದು ನೇತ್ರಾವತಿಗೆ ಆಗ ಹೊಳೆಯಿತು. ಅವಳು ಮುಂದೆ ಬಂದು, ಯಾವುದಾದರೂ ನಡೆಯುತ್ತದೆ ಸರ್, ದಾಖಲೆಗೆ ಅಡ್ಡ ಬರುವುದಿಲ್ಲ ಎಂದಳು. ಹೇಳಿ ಹುಲಿಗವ್ವನ ಕಡೆ ನೋಡಿದಳು.

ಲಾಲಿ ಹಾಡಿನೊಂದಿಗೆ ಸಭೆ ಆರಂಭವಾಯಿತು. ಸಸಿ ನೆಟ್ಟರು, ನೆಲ ಕಾಂಕ್ರೀಟಿನದಾದ್ದರಿಂದ ಡಬ್ಬಿಯಲ್ಲೇ. ಚರ್ಚೆ ಅರ್ಥಪೂರ್ಣವಾಗಿ ಇಪ್ಪತ್ತು ನಿಮಿಷ ನಡೆಯಿತು, ಎಲ್ಲವೂ ವಿರುಪಣ್ಣನದೇ. ನೇತ್ರಾವತಿ ರುದ್ರೇಶನ ಫೋನು ಹಿಡಿದು ಚಿತ್ರೀಕರಿಸುತ್ತಿದ್ದಳು. ಗ್ರಾಮಸ್ಥೆ ಶ್ರೀಮತಿ ಸರೋಜಮ್ಮ ಎಂದು ಕೂಗಿದಾಗ ಹುಲಿಗವ್ವ ಎದ್ದಳು. ಸೆರಗು ಹೊದ್ದುಕೊಂಡು ಫೋನಿನತ್ತ ತಿರುಗಿದಳು.

“ನನಗ ಸರೋಜಮ್ಮ ಅಂತಾರ್ರಿ. ಅಂದಿದ್ದು ಇವತ್ತ. ನಂದೇನೂ ತೊಂದ್ರಿ ಇಲ್ರಿ, ನನಗ ಈ ಊರಾಗ ಮನೀನ ಇಲ್ಲ. ಕೆಳಗಿನ ಓಣ್ಯಾಗ ಕಟ್ಟಕಡೀ ಮನಿ ಹುಲಿಗವ್ವ ಅಂತ ಒಬ್ಬಾಕಿ ಅದಾಳ. ಮ್ಯಾಲಿನ ಓಣಿ ಗಟಾರದ ನೀರು ಆಕಿ ಒಲಿ ಮುಂದ ಬಂದು ನಿಂದರ್ತೈತಿ. ಆಕಿ ಮಣಿ ಮ್ಯಾಲ ಕುಂತು ರೊಟ್ಟಿ ಬಡೀತಾಳ. ಆಕಿ ಮನಿ ಗ್ವಾಡಿಯಿಂದ ಹಳ್ಳದತನಕ ಗಟಾರ ಕಟ್ಟಸ್ರಿ. ಇದ ನನ್ನ ಸಮಸ್ಯೆ.”

ಕಳಕಪ್ಪ ರುದ್ರೇಶನನ್ನು ನೋಡಿದ. ರುದ್ರೇಶ ಪುಸ್ತಕ ನೋಡಿದ. ಪುಸ್ತಕದಲ್ಲಿ ಅಧ್ಯಕ್ಷರು ಕೂಡಲೇ ಬಗೆಹರಿಸುವುದಾಗಿ ಭರವಸೆ ನೀಡಿದ್ದರು. ಫೋನು ಓಡುತ್ತಿತ್ತು. ಕಳಕಪ್ಪ ಎದ್ದು ನಿಂತು, ಕೂಡಲೇ ಬಗೆಹರಿಸುತ್ತೇವೆ ಎಂದ. ಎಪ್ಪತ್ತೊಂದು ಜನರಲ್ಲಿ ಅಂದು ಬಂದಿದ್ದ ಹನ್ನೆರಡು ಜನ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ರುದ್ರೇಶ ಹೊಸ ವಿಡಿಯೊ ಲಿಂಕು ಕಳಿಸಿ, ಬೇಡಿಕೆ ಪಟ್ಟಿ ಮಾಡು, ಆ ಚಾಟಿನಲ್ಲಿ ಹಾಕಿದರೆ ಬೇಗ ಆಗುತ್ತದಲ್ಲ ಎಂದ. ನೇತ್ರಾವತಿ ಇಯರ್‌ಫೋನು ಸಿಕ್ಕಿಸಿಕೊಂಡು ಎರಡು ವಿಡಿಯೊಗಳನ್ನೂ ಮೊದಲಿನಿಂದ ಹಾಕಿದಳು. ಬೇಡಿಕೆಯ ಮಾತು ಬಂದಲ್ಲಿ ಹತ್ತು ಸೆಕೆಂಡು ಕೇಳುವುದು, ನಿಲ್ಲಿಸುವುದು, ಬೆರಳಚ್ಚಿಸುವುದು. ಆ ಮಾತುಗಳೆಲ್ಲ ಅಕ್ಷರವಾದ ಮೇಲೆ ಬೇಕಾದರೆ ಅದನ್ನು ಚಾಟಿಗೆ ಕೊಡಬಹುದಿತ್ತು, ಆಗ ಅದಕ್ಕೆ ಓದಲು ಏನಾದರೂ ಇರುತ್ತಿತ್ತು. ಅಷ್ಟು ಹೊತ್ತಿಗೆ ಪಟ್ಟಿ ತಾನಾಗಿಯೇ ತಯಾರಾಗಿತ್ತು.

ಹುಲಿಗವ್ವ ಪಕ್ಕದ ಸ್ಟೂಲಿನಲ್ಲಿ ಕೂತು ಕಾಯುತ್ತಿದ್ದಳು. ಮುದ್ರಿಸಿದ ಹಾಳೆ ಹೊರಬಂದಾಗ ನೇತ್ರಾವತಿ ಒಂಬತ್ತನೆಯ ಸಾಲು ಓದಿದಳು. ಕೆಳಗಿನ ಓಣಿಯ ಹುಲಿಗವ್ವ ಅವರ ಮನೆಯಿಂದ ಹಳ್ಳದವರೆಗೆ ಚರಂಡಿ ನಿರ್ಮಾಣ, ಪ್ರಸ್ತಾಪಿಸಿದವರು ಶ್ರೀಮತಿ ಸರೋಜಮ್ಮ.

“ಇದು ಅದ ಬರದದ್ದೇನು?”

“ಅಲ್ಲವ್ವಾ. ನಾ ಕೂತು ಕೇಳಿ ಬರದದ್ದು.”

ಹಾಗಾದರೆ ಇನ್ನೊಮ್ಮೆ ಓದು ಎಂದಳು ಹುಲಿಗವ್ವ. ನೇತ್ರಾವತಿ ಓದಿದಳು. ಹಳ್ಳದವರೆಗೆ ಎಂಬುದನ್ನು ಮತ್ತೆ ಕೇಳಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ನೇತ್ರಾವತಿ ಎದ್ದ ಮೇಲೆಯೇ ಹುಲಿಗವ್ವ ಮನೆಗೆ ಹೊರಟಳು.